ಗೊಬ್ಬರದ ಚೀಲದ ಅಂಕಿ, ಪಹಣಿಯ ಅಂಕಿ: ನಮ್ಮ ಹೊಲಕ್ಕೆ ಎಷ್ಟು ಕಿಲೊ? ಪದೇ ಪದೇ ಕೇಳುವ ಪ್ರಶ್ನೆಗಳು

ಲೆಕ್ಕ ಕೈಗೆ ಹತ್ತಬೇಕಾದರೆ ಒಂದೇ ಹೊಲವನ್ನು ಕೊನೆಯವರೆಗೂ ಹಿಡಿದುಕೊಳ್ಳುವುದು ಒಳ್ಳೆಯದು. ಹಾಗಾಗಿ ಈ ಪುಟದ ಹೆಚ್ಚಿನ ಉತ್ತರಗಳಲ್ಲಿ ಬರುವುದು ಒಂದೇ ಹೊಲ: ಪಹಣಿಯಲ್ಲಿ 1 ಎಕರೆ 25 ಗುಂಟೆ ಇರುವ, ಮಳೆ ನಂಬಿ ಮೆಕ್ಕೆಜೋಳ ಹಾಕುವ ಹೊಲ. ನಿಮ್ಮ ಬೆಳೆ ಬೇರೆ, ವಿಸ್ತೀರ್ಣ ಬೇರೆ ಇದ್ದರೂ ಲೆಕ್ಕದ ದಾರಿ ಇದೇ.

ಚೀಲದ ಮೇಲೆ 18:46:0 ಎಂದು ಬರೆದಿದೆ. ಹಾಗೆಂದರೆ ಏನು?

ನೂರು ಕಿಲೊ ಗೊಬ್ಬರದಲ್ಲಿ ಯಾವ ಪೋಷಕಾಂಶ ಎಷ್ಟು ಕಿಲೊ ಇದೆ ಎಂದು ಆ ಅಂಕಿಗಳು ಹೇಳುತ್ತವೆ. ಕ್ರಮ ಎಂದೂ ಬದಲಾಗುವುದಿಲ್ಲ: ಮೊದಲು ಸಾರಜನಕ, ನಂತರ ರಂಜಕ, ಕೊನೆಗೆ ಪೊಟ್ಯಾಷ್. 18:46:0 ಎಂದರೆ ಡಿಎಪಿ. ನೂರು ಕಿಲೊದಲ್ಲಿ 18 ಕಿಲೊ ಸಾರಜನಕ, 46 ಕಿಲೊ ರಂಜಕ ಇದೆ, ಪೊಟ್ಯಾಷ್ ಇಲ್ಲ. ಆ ಸೊನ್ನೆಯನ್ನೂ ಓದಬೇಕು. ವರ್ಷಗಟ್ಟಲೆ ಡಿಎಪಿ, ಯೂರಿಯಾ ಎರಡನ್ನೇ ಹಾಕಿದ ಹೊಲಕ್ಕೆ ಚೀಲದಿಂದ ಒಂದು ಕಿಲೊ ಪೊಟ್ಯಾಷ್ ಕೂಡ ಹೋಗಿರುವುದಿಲ್ಲ.

ನಾಲ್ಕನೆಯ ಅಂಕಿ ಇದ್ದರೆ, ಉದಾಹರಣೆಗೆ 20:20:0:13, ಅದು ಗಂಧಕ. ಯೂರಿಯಾದಂಥ ಒಂಟಿ ಗೊಬ್ಬರದ ಚೀಲದಲ್ಲಿ ಮೂರು ಅಂಕಿ ಇರುವುದಿಲ್ಲ, ಸಾರಜನಕ ಶೇ. 46 ಎಂದಷ್ಟೇ ಇರುತ್ತದೆ.

2022ರ ಅಕ್ಟೋಬರ್‌ನಿಂದ ಸಬ್ಸಿಡಿ ಗೊಬ್ಬರಗಳೆಲ್ಲ ‘ಭಾರತ್’ ಹೆಸರಿನಲ್ಲೇ ಬರುತ್ತಿವೆ. ಭಾರತ್ ಯೂರಿಯಾ, ಭಾರತ್ ಡಿಎಪಿ ಎಂಬ ದೊಡ್ಡ ಅಕ್ಷರಗಳು ಚೀಲದ ಬಹುಭಾಗವನ್ನು ತುಂಬಿರುತ್ತವೆ. ತಯಾರಿಸಿದ ಕಂಪನಿ, ಪೋಷಕಾಂಶದ ವಿವರ, ನಿವ್ವಳ ತೂಕ, ಬೆಲೆ ಉಳಿದ ಜಾಗದಲ್ಲಿರುತ್ತವೆ. ಲೆಕ್ಕಕ್ಕೆ ಬೇಕಾದ್ದು ಅಲ್ಲಿನ ಎರಡೇ ಸಂಗತಿ: ಶೇಕಡಾವಾರು ಮತ್ತು ನಿವ್ವಳ ತೂಕ. ಯಾವ ಕಂಪನಿಯದಾದರೂ ಡಿಎಪಿ ಎಂದರೆ 18:46:0 ಆಗಿರಬೇಕು.

ಯೂರಿಯಾದಲ್ಲಿ ಶೇ. 46 ಮಾತ್ರ ಸಾರಜನಕ ಎಂದರೆ ಉಳಿದ 54 ಭಾಗ ಬರೀ ಮಣ್ಣೇ?

ಅಲ್ಲ. ಯೂರಿಯಾ ಒಂದು ರಾಸಾಯನಿಕ ಪದಾರ್ಥ. ಅದರ ಕಣದಲ್ಲಿ ಸಾರಜನಕದ ಜೊತೆ ಇಂಗಾಲ, ಆಮ್ಲಜನಕ, ಜಲಜನಕ ಸೇರಿಕೊಂಡಿವೆ. ಎಷ್ಟೇ ಶುದ್ಧವಾಗಿ ಮಾಡಿದರೂ ಅದರ ಸಾರಜನಕ ಶೇ. 46.6ನ್ನು ದಾಟುವುದಿಲ್ಲ. ಪೊಟ್ಯಾಷ್ ಗೊಬ್ಬರದ್ದೂ ಇದೇ ಕತೆ, ಅಲ್ಲಿ ಜೊತೆಗಿರುವುದು ಕ್ಲೋರಿನ್. ಕೆಲವು ಕಾಂಪ್ಲೆಕ್ಸ್ ಗೊಬ್ಬರಗಳಲ್ಲಿ ಮಾತ್ರ ಅಂಕಿ ಸರಿಹೊಂದಿಸಲು ಸ್ವಲ್ಪ ತುಂಬುಪದಾರ್ಥ ಸೇರಿಸುತ್ತಾರೆ. ನೀವು ದುಡ್ಡು ಕೊಡುವುದು ಬರೆದಿರುವ ಅಂಕಿಗೆ, ಆದ್ದರಿಂದ ಇದನ್ನು ಮೋಸವೆಂದು ತಿಳಿಯಬೇಕಿಲ್ಲ.

ಚೀಲದಲ್ಲಿ P₂O₅, K₂O ಎಂದಿರುತ್ತದೆ. ಶಿಫಾರಸಿನಲ್ಲಿ ಬರೀ ರಂಜಕ, ಪೊಟ್ಯಾಷ್ ಎನ್ನುತ್ತಾರೆ. ಎರಡೂ ಒಂದೆಯೇ?

ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಶಿಫಾರಸು ಪುಸ್ತಕಗಳಲ್ಲಿ ರಂಜಕ, ಪೊಟ್ಯಾಷ್ ಎಂದರೆ P₂O₅, K₂O ರೂಪದ ಲೆಕ್ಕವೇ. ಚೀಲವೂ ಅದೇ ರೂಪದಲ್ಲಿದೆ. ಹಾಗಾಗಿ ಏನನ್ನೂ ಬದಲಿಸದೆ ಲೆಕ್ಕ ಹಾಕಬಹುದು. ತೊಡಕು ಬರುವುದು ಕೆಲವು ಮಣ್ಣು ಪರೀಕ್ಷೆ ವರದಿಗಳಲ್ಲಿ ಅಥವಾ ಹೊರದೇಶದ ಲೇಖನಗಳಲ್ಲಿ, ಬರೀ P ಅಥವಾ K ಎಂದು ಕೊಟ್ಟಾಗ. ಆಗ P ಅನ್ನು 2.29ರಿಂದ, K ಅನ್ನು 1.2ರಿಂದ ಗುಣಿಸಿದರೆ ಚೀಲದ ಭಾಷೆಗೆ ಬರುತ್ತದೆ. ಇದನ್ನು ಮರೆತರೆ ರಂಜಕದ ಲೆಕ್ಕ ಅರ್ಧಕ್ಕಿಂತ ಹೆಚ್ಚು ತಪ್ಪುತ್ತದೆ.

ಒಂದು ಚೀಲದಲ್ಲಿ ನಿಜವಾಗಿ ಎಷ್ಟು ಕಿಲೊ ಪೋಷಕಾಂಶ ಇದೆ?

ಚೀಲದ ತೂಕವನ್ನು ಅಂಕಿಯಿಂದ ಗುಣಿಸಿ, ನೂರರಿಂದ ಭಾಗಿಸಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವವುಗಳ ಲೆಕ್ಕ ಇಲ್ಲಿದೆ, ಎಲ್ಲವೂ ಕಿಲೊದಲ್ಲಿ.

| ಗೊಬ್ಬರ | ಚೀಲದ ತೂಕ | ಸಾರಜನಕ | ರಂಜಕ | ಪೊಟ್ಯಾಷ್ | ಗಂಧಕ |
|---|---|---|---|---|---|
| ಯೂರಿಯಾ (46) | 45 | 20.7 | – | – | – |
| ಯೂರಿಯಾ ಗೋಲ್ಡ್ (37) | 40 | 14.8 | – | – | 6.8 |
| ಡಿಎಪಿ (18:46:0) | 50 | 9 | 23 | – | – |
| ಸೂಪರ್ ಫಾಸ್ಫೇಟ್ (0:16:0) | 50 | – | 8 | – | 5.5 |
| ಎಂಒಪಿ (0:0:60) | 50 | – | – | 30 | – |
| 10:26:26 | 50 | 5 | 13 | 13 | – |
| 20:20:0:13 | 50 | 10 | 10 | – | 6.5 |

ಯೂರಿಯಾ ಸಾಲನ್ನು ಎರಡು ಸಲ ನೋಡಿ. 2018ರಿಂದ ಯೂರಿಯಾ ಚೀಲ 50 ಕಿಲೊ ಅಲ್ಲ, 45 ಕಿಲೊ. ಚೀಲ ಎಣಿಸುವ ಹಳೆಯ ರೂಢಿಯಲ್ಲೇ ಇರುವವರು ಪ್ರತಿ ಚೀಲಕ್ಕೆ 2.3 ಕಿಲೊ ಸಾರಜನಕ ಕಡಿಮೆ ಹಾಕುತ್ತಿದ್ದಾರೆ. ಗಂಧಕ ಲೇಪಿಸಿದ ಯೂರಿಯಾ ಗೋಲ್ಡ್‌ನಲ್ಲಂತೂ ಸಾದಾ ಚೀಲಕ್ಕಿಂತ ಸುಮಾರು 6 ಕಿಲೊ ಕಡಿಮೆ. ಚೀಲಕ್ಕೆ ಚೀಲ ಬದಲಿ ಎಂದುಕೊಂಡರೆ ಲೆಕ್ಕ ಅಲ್ಲೇ ಕೆಟ್ಟಿತು.

ಪಹಣಿಯಲ್ಲಿ 1.25 ಎಂದಿದೆ. ಅದನ್ನೇ ಗುಣಿಸಬಹುದೇ?

ಗುಣಿಸಬಾರದು. ಗೊಬ್ಬರದ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲೇ, ಚೀಲದ ಅಂಕಿಯಲ್ಲಲ್ಲ. ಪಹಣಿಯ ಅಂಕಿ ಎಕರೆ, ಗುಂಟೆ, ಆಣೆಯ ಕ್ರಮದಲ್ಲಿರುತ್ತದೆ. 1-25 ಎಂದರೆ ಒಂದು ಎಕರೆ ಇಪ್ಪತ್ತೈದು ಗುಂಟೆ, ಒಂದೂಕಾಲು ಎಕರೆಯಲ್ಲ. ಎಕರೆಗೆ 40 ಗುಂಟೆ. ಆದ್ದರಿಂದ 25 ಗುಂಟೆ ಎಂದರೆ 25 ÷ 40 = 0.625 ಎಕರೆ. ಒಟ್ಟು ಹೊಲ 1.625 ಎಕರೆ. ಕ್ಯಾಲ್ಕುಲೇಟರಿನಲ್ಲಿ 1.25 ಒತ್ತಿದರೆ ಹದಿನೈದು ಗುಂಟೆಯ ಗೊಬ್ಬರ ಅಲ್ಲೇ ಕಳೆದುಹೋಗುತ್ತದೆ.

ಇದರಿಂದ ತಪ್ಪಿಸಿಕೊಳ್ಳಲು ಸುಲಭದ ದಾರಿ ಎಂದರೆ ಎಲ್ಲವನ್ನೂ ಗುಂಟೆಗೆ ಇಳಿಸುವುದು. ನಮ್ಮ ಹೊಲ 40 + 25 = 65 ಗುಂಟೆ. ಎಕರೆಯ ಲೆಕ್ಕವನ್ನು 65ರಿಂದ ಗುಣಿಸಿ 40ರಿಂದ ಭಾಗಿಸಿದರೆ ಆಯಿತು.

ಪಹಣಿಯಲ್ಲಿ ಖರಾಬು ಬೇರೆ ತೋರಿಸಿರುತ್ತದೆ. ಅದನ್ನು ಕಳೆಯಬೇಕು. ಕಣ, ಕೃಷಿಹೊಂಡ, ಶೆಡ್, ಬದುವಿಗೆ ಹೋದ ಜಾಗವನ್ನೂ ಬಿಡಬೇಕು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ತುಂಡಾದರೆ ಪಹಣಿಯನ್ನು ನಂಬುವ ಬದಲು ಅಳೆದುಬಿಡಿ. ಉದ್ದ, ಅಗಲ ಅಡಿಯಲ್ಲಿ ಅಳೆದು ಗುಣಿಸಿ 1,089ರಿಂದ ಭಾಗಿಸಿದರೆ ಗುಂಟೆ ಬರುತ್ತದೆ, ಏಕೆಂದರೆ ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ. ಎರಡು ತುದಿಯಲ್ಲಿ ಅಗಲ ಬೇರೆ ಬೇರೆ ಇದ್ದರೆ ಎರಡನ್ನೂ ಕೂಡಿಸಿ ಅರ್ಧ ಮಾಡಿಕೊಳ್ಳಿ.

ಶಿಫಾರಸು ಹೆಕ್ಟೇರಿಗೆ ಇದೆ, ನಮಗೆ ಬೇಕಾದ್ದು ಎಕರೆಗೆ. ಏನು ಮಾಡುವುದು?

ಎರಡೂವರೆಯಿಂದ ಭಾಗಿಸಿ. ನಿಖರವಾಗಿ ಒಂದು ಹೆಕ್ಟೇರ್ ಎಂದರೆ 2.47 ಎಕರೆ. 2.5 ಎಂದು ಹಿಡಿದರೆ ಬರುವ ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ಅಷ್ಟೇ, ಕೈಯಲ್ಲಿ ಎರಚುವಾಗ ಆಗುವ ಏರುಪೇರಿನ ಮುಂದೆ ಅದು ಲೆಕ್ಕಕ್ಕಿಲ್ಲ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 100:50:25 ಎಂಬ ಶಿಫಾರಸು ಎಕರೆಗೆ 40:20:10 ಆಗುತ್ತದೆ. ನೀರಾವರಿ ಬೆಳೆಗೆ ಪ್ರಮಾಣ ಇದಕ್ಕಿಂತ ಹೆಚ್ಚು. ಒಂದೇ ಬೆಳೆಗೂ ವಲಯದಿಂದ ವಲಯಕ್ಕೆ ವ್ಯತ್ಯಾಸವಿದೆ. ಆದ್ದರಿಂದ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ವಲಯದ ಅಂಕಿಯನ್ನೇ ಕೇಳಿ ಪಡೆಯಿರಿ. ಕೇಳುವಾಗ ‘ಎಷ್ಟು ಚೀಲ ಹಾಕಲಿ’ ಎನ್ನಬೇಡಿ. ‘ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟೆಷ್ಟು ಕಿಲೊ, ಎಕರೆಗೋ ಹೆಕ್ಟೇರಿಗೋ’ ಎಂದು ಕೇಳಿ. ಹೆಕ್ಟೇರಿನ ಅಂಕಿಯನ್ನು ಎಕರೆಗೆ ಹಾಕಿದರೆ ಎರಡೂವರೆ ಪಟ್ಟು ಗೊಬ್ಬರ ಬೀಳುತ್ತದೆ.

ಈ ಶಿಫಾರಸುಗಳೆಲ್ಲ ಕೊಟ್ಟಿಗೆ ಗೊಬ್ಬರ ಹಾಕಿದ ಮೇಲಿನ ಲೆಕ್ಕ. ಅದನ್ನು ಹಾಕಿದ್ದೇವೆಂದು ಚೀಲದ ಗೊಬ್ಬರ ಕಳೆಯುವಂತಿಲ್ಲ.

ಹಾಗಾದರೆ ನಮ್ಮ 1 ಎಕರೆ 25 ಗುಂಟೆಗೆ ಎಷ್ಟೆಷ್ಟು? ಪೂರ್ತಿ ಲೆಕ್ಕ ತೋರಿಸಿ.

ಮೊದಲು ಹೊಲಕ್ಕೆ ಬೇಕಾದ ಪೋಷಕಾಂಶ. ಎಕರೆಗೆ 40:20:10, ನಮ್ಮದು 65 ಗುಂಟೆ.

ಸಾರಜನಕ 40 × 65 ÷ 40 = 65 ಕಿಲೊ. ರಂಜಕ 20 × 65 ÷ 40 = 32.5 ಕಿಲೊ. ಪೊಟ್ಯಾಷ್ 10 × 65 ÷ 40 = 16.25 ಕಿಲೊ.

ಇನ್ನು ಪೋಷಕಾಂಶವನ್ನು ಗೊಬ್ಬರವಾಗಿ ಬದಲಿಸುವ ಸೂತ್ರ ಒಂದೇ:

```
ಗೊಬ್ಬರ (ಕಿಲೊ) = ಬೇಕಾದ ಪೋಷಕಾಂಶ × 100 ÷ ಚೀಲದ ಮೇಲಿನ ಅಂಕಿ
```

ಲೆಕ್ಕವನ್ನು ಯಾವಾಗಲೂ ರಂಜಕದಿಂದ ಶುರುಮಾಡಿ. ಡಿಎಪಿಯಲ್ಲಿ ರಂಜಕದ ಜೊತೆ ಸಾರಜನಕವೂ ಬರುತ್ತದೆ. ಅದೆಷ್ಟೆಂದು ಗೊತ್ತಾಗದೆ ಯೂರಿಯಾ ಎಷ್ಟೆಂದು ಹೇಳಲಾಗದು.

ಡಿಎಪಿ: 32.5 × 100 ÷ 46 = 70.7 ಕಿಲೊ. ಇದರ ಜೊತೆಗೇ ಬರುವ ಸಾರಜನಕ 70.7 × 18 ÷ 100 = 12.7 ಕಿಲೊ. ಬೇಕಿದ್ದ 65ರಲ್ಲಿ ಇದನ್ನು ಕಳೆದರೆ ಉಳಿಯುವುದು 52.3 ಕಿಲೊ.

ಯೂರಿಯಾ: 52.3 × 100 ÷ 46 = 113.7 ಕಿಲೊ.

ಎಂಒಪಿ: 16.25 × 100 ÷ 60 = 27 ಕಿಲೊ.

ಚೀಲದಲ್ಲಿ ಹೇಳುವುದಾದರೆ ಡಿಎಪಿ ಒಂದು ಚೀಲದ ಮೇಲೆ 21 ಕಿಲೊ, ಯೂರಿಯಾ ಎರಡು ಚೀಲದ ಮೇಲೆ 24 ಕಿಲೊ, ಎಂಒಪಿ ಅರ್ಧ ಚೀಲದ ಮೇಲೆ 2 ಕಿಲೊ. ಒಂದೆರಡು ಕಿಲೊ ಆಚೀಚೆ ಆದರೆ ಚಿಂತೆಯಿಲ್ಲ. ಆದರೆ ‘ಹೇಗೂ ಚೀಲ ಒಡೆದಿದೆ’ ಎಂದು ಎರಡನೆಯ ಡಿಎಪಿ ಚೀಲವನ್ನು ಪೂರ್ತಿ ಸುರಿದರೆ ಅದು ಒಂದೆರಡು ಕಿಲೊ ಅಲ್ಲ, 29 ಕಿಲೊ.

ಎಕರೆಗೆ ಒಂದು ಡಿಎಪಿ, ಒಂದು ಯೂರಿಯಾ ಎಂಬ ರೂಢಿ ನಮ್ಮಲ್ಲಿದೆ. ಅದರಲ್ಲಿ ತಪ್ಪೇನು?

ಒಂದು ಚೀಲ ಡಿಎಪಿಯಲ್ಲಿ 9 ಕಿಲೊ ಸಾರಜನಕ, 23 ಕಿಲೊ ರಂಜಕ. ಒಂದು ಚೀಲ ಯೂರಿಯಾದಲ್ಲಿ 20.7 ಕಿಲೊ ಸಾರಜನಕ. ಕೂಡಿಸಿದರೆ 29.7 : 23 : 0. ಬೇಕಿದ್ದದ್ದು 40:20:10. ರಂಜಕ ಸ್ವಲ್ಪ ಹೆಚ್ಚಾಯಿತು, ಸಾರಜನಕ ಕಾಲುಭಾಗ ಕಡಿಮೆಯಾಯಿತು, ಪೊಟ್ಯಾಷ್ ಬೀಳಲೇ ಇಲ್ಲ. ಬೆಳೆ ಮೊದಲ ತಿಂಗಳು ಚೆನ್ನಾಗಿ ಕಾಣುತ್ತದೆ, ರೂಢಿ ಉಳಿದುಕೊಂಡಿರುವುದೇ ಅದರಿಂದ. ಕೊರತೆ ಗೊತ್ತಾಗುವುದು ತೆನೆ ಕಟ್ಟುವ ಹೊತ್ತಿಗೆ.

ಡಿಎಪಿ ಸಿಗುತ್ತಿಲ್ಲ. ಒಂದು ಚೀಲ ಡಿಎಪಿಗೆ ಬದಲು ಏನು ಹಾಕಬೇಕು?

ಮೂರು ಚೀಲ ಸೂಪರ್ ಫಾಸ್ಫೇಟ್ ಮತ್ತು 20 ಕಿಲೊ ಯೂರಿಯಾ. ಮೂರು ಚೀಲ ಸೂಪರ್‌ನಲ್ಲಿ 24 ಕಿಲೊ ರಂಜಕ ಬರುತ್ತದೆ, ಡಿಎಪಿ ಚೀಲದಲ್ಲಿದ್ದದ್ದು 23. ಡಿಎಪಿಯ 9 ಕಿಲೊ ಸಾರಜನಕಕ್ಕೆ 19.6 ಕಿಲೊ ಯೂರಿಯಾ ಸಾಕು. ‘ಮೂರು ಸೂಪರ್, ಒಂದು ಯೂರಿಯಾ’ ಎಂದು ಪೂರ್ತಿ ಚೀಲ ಹೇಳುವವರಿದ್ದಾರೆ. ಹಾಗೆ ಮಾಡಿದರೆ ಮೇಲುಗೊಬ್ಬರದಲ್ಲಿ 25 ಕಿಲೊ ಯೂರಿಯಾ ಕಡಿಮೆ ಮಾಡಬೇಕು. ಸೂಪರ್‌ನಿಂದ ಗಂಧಕವೂ 16.5 ಕಿಲೊ ಸಿಗುತ್ತದೆ, ಶೇಂಗಾ, ಸೂರ್ಯಕಾಂತಿಯಂಥ ಎಣ್ಣೆಕಾಳಿಗೆ ಅದು ದೊಡ್ಡ ಲಾಭ. ಕಷ್ಟವೆಂದರೆ ಒಂದು ಚೀಲ ಹೊರುವ ಜಾಗದಲ್ಲಿ ಮೂರು ಹೊರಬೇಕು. ಇನ್ನೊಂದು ಎಚ್ಚರ: ಸೂಪರ್ ಮತ್ತು ಯೂರಿಯಾವನ್ನು ಹಿಂದಿನ ದಿನವೇ ಬೆರೆಸಿಡಬೇಡಿ. ಎರಡೂ ಸೇರಿ ನೀರು ಬಿಟ್ಟುಕೊಂಡು ಅಂಟಾಗುತ್ತವೆ, ಕೂರಿಗೆಯ ಬಟ್ಟಲಿನಿಂದ ಇಳಿಯುವುದೇ ಇಲ್ಲ.

20:20:0:13 ಸಿಕ್ಕರೆ ನಮ್ಮ ಹೊಲದ 32.5 ಕಿಲೊ ರಂಜಕಕ್ಕೆ 162.5 ಕಿಲೊ, ಅಂದರೆ ಮೂರೂಕಾಲು ಚೀಲ ಬೇಕು. ಜೊತೆಗೆ ಅಷ್ಟೇ 32.5 ಕಿಲೊ ಸಾರಜನಕವೂ ಬರುತ್ತದೆ. ಬೇಕಿದ್ದ 65ರಲ್ಲಿ ಅರ್ಧ ಬಿತ್ತನೆಯಲ್ಲೇ ಮುಗಿಯಿತು. ಉಳಿದ ಅರ್ಧಕ್ಕೆ ಮೇಲುಗೊಬ್ಬರವಾಗಿ 70.7 ಕಿಲೊ ಯೂರಿಯಾ. ಮೆಕ್ಕೆಜೋಳಕ್ಕೆ ಇದು ಒಗ್ಗುವ ಜೋಡಿ. ಪೊಟ್ಯಾಷ್‌ಗೆ ಎಂಒಪಿ 27 ಕಿಲೊ ಹಾಗೆಯೇ ಇರಲಿ.

10:26:26 ತಂದರೆ ಮೂರೂ ಒಂದರಲ್ಲೇ ಬರುತ್ತದಲ್ಲ?

ಬರುತ್ತದೆ, ಆದರೆ ಬೆಳೆ ಕೇಳುವ ಅಳತೆಯಲ್ಲಲ್ಲ. ನಮ್ಮ ಹೊಲದ 32.5 ಕಿಲೊ ರಂಜಕವನ್ನು ಪೂರ್ತಿ ಇದರಿಂದಲೇ ಕೊಡಲು ಹೋದರೆ 125 ಕಿಲೊ ಬೇಕು. ಆಗ ಪೊಟ್ಯಾಷ್ ಕೂಡ 32.5 ಕಿಲೊ ಬೀಳುತ್ತದೆ. ಬೇಕಿದ್ದದ್ದು ಅದರ ಅರ್ಧ. ಬೇಡದ ಪೊಟ್ಯಾಷ್‌ಗೆ ದುಡ್ಡು ಕೊಟ್ಟಂತಾಯಿತು.

ಕಾಂಪ್ಲೆಕ್ಸ್ ಬಳಸುವಾಗ ಯಾವ ಪೋಷಕಾಂಶ ಮೊದಲು ತುಂಬುತ್ತದೋ ಅದಕ್ಕೆ ಲೆಕ್ಕ ನಿಲ್ಲಿಸಬೇಕು. ಇಲ್ಲಿ ಮೊದಲು ತುಂಬುವುದು ಪೊಟ್ಯಾಷ್: 16.25 × 100 ÷ 26 = 62.5 ಕಿಲೊ. ಇದರಿಂದ ರಂಜಕ 16.25, ಸಾರಜನಕ 6.25 ಕಿಲೊ ಸಿಕ್ಕಿತು. ಉಳಿದ 16.25 ಕಿಲೊ ರಂಜಕಕ್ಕೆ ಡಿಎಪಿ 35.3 ಕಿಲೊ, ಅದರಿಂದ ಸಾರಜನಕ 6.4 ಕಿಲೊ. ಇನ್ನೂ ಬೇಕಾದ ಸಾರಜನಕ 52.4 ಕಿಲೊಗೆ ಯೂರಿಯಾ 114 ಕಿಲೊ. ಎಂಒಪಿ ಬೇಡ. 17:17:17, 19:19:19, 15:15:15 ಯಾವುದನ್ನು ತಂದರೂ ಇದೇ ದಾರಿ.

ಯಾವ ಚೀಲ ಅಗ್ಗ ಎಂದು ತಿಳಿಯುವುದು ಹೇಗೆ?

ಚೀಲದ ಬೆಲೆಯನ್ನಲ್ಲ, ಒಂದು ಕಿಲೊ ಪೋಷಕಾಂಶದ ಬೆಲೆಯನ್ನು ಹೋಲಿಸಬೇಕು. ಯೂರಿಯಾ ಚೀಲಕ್ಕೆ 266.50 ರೂಪಾಯಿ ಎಂದಾದರೆ 20.7ರಿಂದ ಭಾಗಿಸಿ: ಸಾರಜನಕ ಕಿಲೊಗೆ ಸುಮಾರು 13 ರೂಪಾಯಿ. ಡಿಎಪಿ 1,350 ರೂಪಾಯಿ ಎಂದು ಹಿಡಿಯಿರಿ. ಅದರಲ್ಲಿನ 9 ಕಿಲೊ ಸಾರಜನಕಕ್ಕೆ 117 ರೂಪಾಯಿ ಕಳೆದರೆ ಉಳಿದ 1,233 ರೂಪಾಯಿ 23 ಕಿಲೊ ರಂಜಕದ್ದು. ಕಿಲೊಗೆ 54 ರೂಪಾಯಿಯ ಹತ್ತಿರ.

ಈಗ 20:20:0:13 ಚೀಲವನ್ನು ಇದೇ ತಕ್ಕಡಿಗೆ ಹಾಕಿ. 10 ಕಿಲೊ ಸಾರಜನಕ 130 ರೂಪಾಯಿ, 10 ಕಿಲೊ ರಂಜಕ 540 ರೂಪಾಯಿ, ಒಟ್ಟು 670. ಅಂಗಡಿಯವರು ಇದಕ್ಕಿಂತ ಹೆಚ್ಚು ಎಷ್ಟು ಕೇಳುತ್ತಾರೋ ಅಷ್ಟನ್ನು ನೀವು 6.5 ಕಿಲೊ ಗಂಧಕಕ್ಕೆ ಕೊಡುತ್ತಿದ್ದೀರಿ. ಹೊಲಕ್ಕೆ ಗಂಧಕ ಬೇಕೇ ಎಂಬುದು ಆಮೇಲಿನ ಪ್ರಶ್ನೆ. ಬೆಲೆ ಬದಲಾದಾಗ ಚೀಲದ ಮೇಲಿನ ಎಂಆರ್‌ಪಿ ಹಾಕಿಕೊಂಡು ಮತ್ತೆ ಲೆಕ್ಕ ಮಾಡಿ.

ಮಣ್ಣು ಪರೀಕ್ಷೆಯಲ್ಲಿ ರಂಜಕ ‘ಹೆಚ್ಚು’ ಎಂದು ಬಂದಿದೆ. ಲೆಕ್ಕ ಹೇಗೆ ಬದಲಾಗುತ್ತದೆ?

ಸಾಮಾನ್ಯ ಪದ್ಧತಿ ಹೀಗೆ: ‘ಮಧ್ಯಮ’ ಎಂದಿದ್ದರೆ ಶಿಫಾರಸು ಇದ್ದಂತೆಯೇ, ‘ಕಡಿಮೆ’ ಎಂದಿದ್ದರೆ ಕಾಲುಭಾಗ ಹೆಚ್ಚು, ‘ಹೆಚ್ಚು’ ಎಂದಿದ್ದರೆ ಕಾಲುಭಾಗ ಕಡಿಮೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಪ್ರಮಾಣವನ್ನೇ ಬರೆದು ಕೊಟ್ಟಿದ್ದರೆ ಅದನ್ನೇ ಅನುಸರಿಸಿ.

ನಮ್ಮ ಹೊಲದಲ್ಲಿ ರಂಜಕ ಮಾತ್ರ ಹೆಚ್ಚು ಎನ್ನಿ. 32.5ರಲ್ಲಿ ಕಾಲುಭಾಗ ಕಳೆದರೆ 24.4 ಕಿಲೊ. ಡಿಎಪಿ 53 ಕಿಲೊಗೆ ಇಳಿಯುತ್ತದೆ. ಇಲ್ಲೊಂದು ಜಾಗದಲ್ಲಿ ಎಡವುತ್ತಾರೆ. ಡಿಎಪಿ ಕಡಿಮೆಯಾದಾಗ ಅದರಿಂದ ಬರುತ್ತಿದ್ದ ಸಾರಜನಕವೂ 12.7ರಿಂದ 9.5 ಕಿಲೊಗೆ ಇಳಿಯಿತು. ಹಾಗಾಗಿ ಯೂರಿಯಾ 113.7ರಿಂದ ಸುಮಾರು 121 ಕಿಲೊಗೆ ಏರಬೇಕು. ಒಂದನ್ನು ಬದಲಿಸಿದಾಗಲೆಲ್ಲ ಕೊನೆಯವರೆಗೂ ಮತ್ತೆ ಲೆಕ್ಕ ಹಾಕದಿದ್ದರೆ ಸಾರಜನಕ ಸದ್ದಿಲ್ಲದೆ ಕಡಿಮೆಯಾಗುತ್ತದೆ.

ಇಷ್ಟನ್ನೂ ಒಂದೇ ಸಲ ಹಾಕಬಹುದೇ?

ರಂಜಕ, ಪೊಟ್ಯಾಷ್ ಪೂರ್ತಿ ಬಿತ್ತನೆಯ ಹೊತ್ತಿಗೇ. ರಂಜಕ ಮಣ್ಣಿನಲ್ಲಿ ಹೆಚ್ಚು ಅಲುಗಾಡುವುದಿಲ್ಲ, ಬೇರು ಬೆಳೆಯುವ ಜಾಗದಲ್ಲೇ ಇರಬೇಕು. ಸಾರಜನಕ ಹಾಗಲ್ಲ. ನೀರಿನೊಂದಿಗೆ ಕೆಳಕ್ಕಿಳಿಯುತ್ತದೆ, ಮೇಲೆ ಬಿದ್ದದ್ದು ಅಮೋನಿಯಾ ಆಗಿ ಗಾಳಿಗೂ ಹೋಗುತ್ತದೆ. ಆದ್ದರಿಂದ ಅದನ್ನು ಒಡೆದು ಕೊಡಬೇಕು.

ಅರ್ಧ ಸಾರಜನಕ ಬಿತ್ತನೆಗೆ, ಅರ್ಧ ಸುಮಾರು 30 ದಿನಕ್ಕೆ ಎಂದುಕೊಂಡರೆ ನಮ್ಮ ಹೊಲಕ್ಕೆ ಬಿತ್ತನೆಯಲ್ಲಿ ಬೇಕಾದ್ದು 32.5 ಕಿಲೊ. ಡಿಎಪಿಯಿಂದ 12.7 ಬಂದಿದೆ. ಉಳಿದ 19.8 ಕಿಲೊಗೆ ಯೂರಿಯಾ 43 ಕಿಲೊ. ಮೇಲುಗೊಬ್ಬರಕ್ಕೆ ಉಳಿಯುವುದು 70.7 ಕಿಲೊ.

ಬಿತ್ತನೆಯಲ್ಲಿ ಹಾಕುವ ಗೊಬ್ಬರ ಬೀಜಕ್ಕೆ ತಾಗಬಾರದು. ಬೀಜದಿಂದ ಎರಡು ಇಂಚು ಪಕ್ಕಕ್ಕೆ, ಎರಡು ಇಂಚು ಕೆಳಕ್ಕೆ ಬೀಳಬೇಕು. ಬೀಜದ ಜೊತೆಯೇ ಯೂರಿಯಾ ಬಿದ್ದರೆ ಅದು ಬಿಡುವ ಅಮೋನಿಯಾಕ್ಕೆ ಮೊಳಕೆ ಸುಡುತ್ತದೆ. ಸಾಲಿನಲ್ಲಿ ಉದ್ದುದ್ದಕ್ಕೆ ಹುಟ್ಟದ ಜಾಗ ಕಂಡರೆ ಬೀಜದ ಕಂಪನಿಯನ್ನು ಬೈಯುವ ಮೊದಲು ಮಣ್ಣು ಕೆದಕಿ ನೋಡಿ. ಬೇರಿನ ತುದಿ ಕಂದಾಗಿ ಸುರುಟಿದ್ದರೆ ಅದು ಗೊಬ್ಬರದ ಕೆಲಸ.

ಮೇಲುಗೊಬ್ಬರವನ್ನು ಒಣ ನೆಲದ ಮೇಲೆ ಚೆಲ್ಲಿ ಮಳೆಗೆ ಕಾಯಬೇಡಿ. ಹದ ಇದ್ದಾಗ ಸಾಲಿನ ಪಕ್ಕ ಹಾಕಿ, ಎಡೆ ಹೊಡೆದು ಮಣ್ಣಿನಲ್ಲಿ ಮುಚ್ಚಬೇಕು. ಹಾಗೆ ಮಾಡದಿದ್ದರೆ ಮೇಲಿನ ಲೆಕ್ಕವೆಲ್ಲ ಕಾಗದದಲ್ಲಷ್ಟೇ ಸರಿ.

ಲೆಕ್ಕ ಬಂತು. ಆದರೆ ಹೊಲದಲ್ಲಿ ಅಷ್ಟೇ ಬೀಳುವಂತೆ ಮಾಡುವುದು ಹೇಗೆ?

ಸಾಲಿನ ಉದ್ದಕ್ಕೆ ಇಳಿಸಿ. 65 ಗುಂಟೆ ಎಂದರೆ ಸುಮಾರು 6,576 ಚದರ ಮೀಟರ್. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಇದ್ದರೆ, 6,576 ÷ 0.6 = 10,960 ಮೀಟರ್. ಅಂದರೆ ಎಲ್ಲ ಸಾಲನ್ನೂ ಜೋಡಿಸಿದರೆ ಹನ್ನೊಂದು ಕಿಲೊಮೀಟರಿನ ಹತ್ತಿರ.

ಮೇಲುಗೊಬ್ಬರದ 70.7 ಕಿಲೊ ಯೂರಿಯಾವನ್ನು ಈ ಉದ್ದಕ್ಕೆ ಹಂಚಿದರೆ ಮೀಟರಿಗೆ ಸುಮಾರು 6.5 ಗ್ರಾಂ, 50 ಮೀಟರ್ ಸಾಲಿಗೆ ಸುಮಾರು 320 ಗ್ರಾಂ. ದಿನಸಿ ಅಂಗಡಿಯ ತಕ್ಕಡಿಯಲ್ಲಿ 320 ಗ್ರಾಂ ತೂಗಿ ಒಂದು ಡಬ್ಬಿಗೆ ಹಾಕಿ, ಮಟ್ಟಕ್ಕೆ ಗೆರೆ ಎಳೆಯಿರಿ. ಹಾಕುವವರಿಗೆ ಒಂದು ಡಬ್ಬಿ 50 ಮೀಟರಿಗೆ ಎಂದು ಹೇಳಿ, ಮೊದಲ ಎರಡು ಸಾಲಿನಲ್ಲಿ ಜೊತೆಗೆ ನಡೆಯಿರಿ. ಅಷ್ಟರಲ್ಲಿ ಅವರ ಕೈಗೆ ಅಳತೆ ಕೂರುತ್ತದೆ. ಇದನ್ನು ಮಾಡದೆ ಬಿಟ್ಟರೆ ಸಾಮಾನ್ಯವಾಗಿ ಆಗುವುದೇನೆಂದರೆ ರಸ್ತೆ ಪಕ್ಕದ ಸಾಲಿಗೆ ದುಪ್ಪಟ್ಟು ಬಿದ್ದು ಆಚೆ ಬದುವಿನ ಕಡೆಗೆ ಚೀಲ ಖಾಲಿಯಾಗುತ್ತದೆ.

ಕೂರಿಗೆಗೂ ಇದೇ ಪರೀಕ್ಷೆ. ಬಿತ್ತನೆಯ ಗೊಬ್ಬರ ಒಟ್ಟು 141 ಕಿಲೊ, 50 ಮೀಟರಿಗೆ ಸುಮಾರು 640 ಗ್ರಾಂ. ಒಂದು ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ 50 ಮೀಟರ್ ಎಳೆದು ತೂಗಿ ನೋಡಿ, ಹೆಚ್ಚುಕಡಿಮೆಯಿದ್ದರೆ ಕಿಂಡಿ ಸರಿಪಡಿಸಿಕೊಳ್ಳಿ.

ಬೆಳೆ ನೋಡಿ ಲೆಕ್ಕ ತಪ್ಪಿದೆ ಎಂದು ಹೇಳಬಹುದೇ?

ಸ್ವಲ್ಪಮಟ್ಟಿಗೆ. ಮೆಕ್ಕೆಜೋಳದಲ್ಲಿ ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆ ತುದಿಯಿಂದ ನಡುದಿಂಡಿನ ಗುಂಟ ಒಳಕ್ಕೆ ಹಳದಿಯಾಗುತ್ತ ಬರುತ್ತದೆ. ಪೊಟ್ಯಾಷ್ ಕಡಿಮೆಯಾದರೂ ಕೆಳಗಿನ ಎಲೆಯೇ ಕೆಡುವುದು, ಆದರೆ ಸುಡುವುದು ಅಂಚು, ನಡುಭಾಗ ಹಸಿರಾಗಿರುತ್ತದೆ. ರಂಜಕದ ಕೊರತೆಗೆ ಎಳೆಯ ಗಿಡ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಚಳಿಗೂ ಹಾಗಾಗುವುದುಂಟು, ಅದನ್ನೊಂದನ್ನೇ ನಂಬಬೇಡಿ. ಹೊಸ ಎಲೆಯ ಬುಡದಲ್ಲಿ ಬಿಳಿ ಪಟ್ಟೆ ಬಂದರೆ ಸತುವಿನ ಕೊರತೆ. ವರ್ಷ ವರ್ಷ ಡಿಎಪಿ ಹೆಚ್ಚಾಗಿ ಬಿದ್ದ ಹೊಲದಲ್ಲಿ ಇದು ಕಾಣುತ್ತದೆ, ಏಕೆಂದರೆ ಮಿತಿಮೀರಿದ ರಂಜಕ ಗಿಡಕ್ಕೆ ಸತುವು ದಕ್ಕದಂತೆ ಮಾಡುತ್ತದೆ.

ನ್ಯಾನೊ ಯೂರಿಯಾ ಅರ್ಧ ಲೀಟರ್ ಬಾಟಲಿಯನ್ನು ಒಂದು ಚೀಲ ಯೂರಿಯಾ ಎಂದು ಲೆಕ್ಕ ಹಿಡಿಯಬಹುದೇ?

ಈ ಪುಟದ ಲೆಕ್ಕದಲ್ಲಿ ಹಿಡಿಯಲಾಗದು. ಮೊದಲು ಬಂದ ಶೇ. 4ರ ಬಾಟಲಿಯ 500 ಮಿಲಿಯಲ್ಲಿ ಇರುವುದು 20 ಗ್ರಾಂ ಸಾರಜನಕ, ಚೀಲದಲ್ಲಿ 20.7 ಕಿಲೊ. ನಂತರ ಬಂದ ಶೇ. 20ರದ್ದರಲ್ಲೂ 100 ಗ್ರಾಂ. ಎಲೆಯ ಮೂಲಕ ಹೋದದ್ದು ಹೆಚ್ಚು ದಕ್ಕುತ್ತದೆ ಎಂಬುದು ಅದರ ಪರವಾದ ವಾದ. ಆದರೂ ಕಿಲೊ ಲೆಕ್ಕದಲ್ಲಿ ಒಂದಕ್ಕೊಂದು ಸಮವಲ್ಲ. ಸಿಂಪಡಿಸುವ 19:19:19ರದ್ದೂ ಹಾಗೆಯೇ: ಲೀಟರಿಗೆ 5 ಗ್ರಾಂನಂತೆ ಎಕರೆಗೆ 200 ಲೀಟರ್ ಹೊಡೆದರೆ ಬೆಳೆಗೆ ಹೋಗುವುದು 190 ಗ್ರಾಂ ಸಾರಜನಕ. ತುರ್ತಿಗೆ ಆಸರೆಯಾಗಬಹುದು, ಬೇರಿಗೆ ಹಾಕುವ ಗೊಬ್ಬರದಿಂದ ಕಳೆಯಬೇಡಿ.

ಅಡಿಕೆ ತೋಟಕ್ಕೆ ಗುಂಟೆ ಲೆಕ್ಕ ಹಾಕಬೇಕೇ?

ಬೇಡ, ಮರದ ಲೆಕ್ಕ. ಫಸಲು ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100:40:140 ಗ್ರಾಂ ಎಂಬುದು ಶಿಫಾರಸು. ರಂಜಕಕ್ಕೆ ಡಿಎಪಿ 87 ಗ್ರಾಂ, ಅದರಿಂದ ಬರುವ 16 ಗ್ರಾಂ ಸಾರಜನಕ ಕಳೆದು ಯೂರಿಯಾ 183 ಗ್ರಾಂ, ಎಂಒಪಿ 233 ಗ್ರಾಂ. ಒಟ್ಟು ಅರ್ಧ ಕಿಲೊ, ಎರಡು ಕಂತಿನಲ್ಲಿ. ವಿಸ್ತೀರ್ಣದಿಂದ ಮರದ ಸಂಖ್ಯೆ ಊಹಿಸುವ ಬದಲು ಮರವನ್ನೇ ಎಣಿಸಿ. 9 ಅಡಿ ಅಂತರದ ತೋಟದಲ್ಲಿ ಎಕರೆಗೆ 540ರ ಹತ್ತಿರ ಕೂರಬೇಕು, ಸತ್ತು ಖಾಲಿಯಾದ ಗುಣಿ ಕಳೆದರೆ ಎಷ್ಟೋ ತೋಟಗಳಲ್ಲಿ ಅಷ್ಟಿರುವುದಿಲ್ಲ.

ಒಡೆದ ಚೀಲದಲ್ಲಿ ಉಳಿದ ಯೂರಿಯಾ ಗಟ್ಟಿಯಾಗಿದೆ. ಅದರ ಶೇಕಡಾವಾರು ಕಡಿಮೆಯಾಗಿರುತ್ತದೆಯೇ?

ಗಟ್ಟಿಯಾದ ಮಾತ್ರಕ್ಕೆ ಇಲ್ಲ. ಗಾಳಿಯ ತೇವ ಹೀರಿ ಕಾಳು ಒಂದಕ್ಕೊಂದು ಅಂಟಿಕೊಂಡಿರುತ್ತದೆ ಅಷ್ಟೇ. ಪುಡಿ ಮಾಡಿ, ತೂಗಿ ಬಳಸಿ. ಪುಡಿಯಾದ ಗೊಬ್ಬರಕ್ಕೆ ಹಳೆಯ ಡಬ್ಬಿಯ ಗೆರೆ ಹೊಂದುವುದಿಲ್ಲ, ಹೊಸದಾಗಿ ತೂಗಿ ಗೆರೆ ಎಳೆದುಕೊಳ್ಳಬೇಕು. ನೀರಾಗಿ ಸೋರಿಹೋಗಿದ್ದರೆ ಮಾತು ಬೇರೆ, ಸೋರಿದ್ದರ ಜೊತೆ ಸಾರಜನಕವೂ ಹೋಗಿದೆ. ಮೂರು ಚೀಲ ತಂದ ನಮ್ಮ ಹೊಲದಲ್ಲಿ 21 ಕಿಲೊ ಯೂರಿಯಾ ಉಳಿಯುತ್ತದೆ. ಒಳಚೀಲದ ಬಾಯಿಯನ್ನು ಮಡಚಿ ಬಿಗಿಯಾಗಿ ಕಟ್ಟಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ, ಮೇಲೆ ಉಳಿದ ತೂಕವನ್ನು ಪೆನ್ನಿನಲ್ಲಿ ಬರೆದಿಡಿ.